ವೆಕ್ಟರ್ ಆಟೋರಿಗ್ರೆಶನ್

ವೆಕ್ಟರ್ ಆಟೋರಿಗ್ರೆಶನ್ (ವಿಎಆರ್) ಎಂಬುದು ಹಲವು ಕಾಲಶ್ರೇಣಿಗಳನ್ನು ಒಟ್ಟಿಗೆ ವಿವರಿಸುವ ಸಂಖ್ಯಾಶಾಸ್ತ್ರೀಯ ಮಾದರಿ. ಇದರಲ್ಲಿ ಪ್ರತಿಯೊಂದು ಚರವನ್ನೂ ಅದರ ಹಾಗೂ ಉಳಿದೆಲ್ಲ ಚರಗಳ ಹಿಂದಿನ ಬೆಲೆಗಳಿಂದ ಅಂದಾಜು ಮಾಡಲಾಗುತ್ತದೆ. ಅಮೆರಿಕದ ಅರ್ಥಶಾಸ್ತ್ರಜ್ಞ ಕ್ರಿಸ್ಟೋಫರ್ ಸಿಮ್ಸ್ 1980ರಲ್ಲಿ ಇದನ್ನು ಸ್ಥೂಲ ಅರ್ಥಶಾಸ್ತ್ರದಲ್ಲಿ ಬಳಕೆಗೆ ತಂದರು. ಅವರಿಗೆ 2011ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು.

== ಆಘಾತ ಮತ್ತು ಪ್ರತಿಕ್ರಿಯೆ ==
ಒಂದು ಚರಕ್ಕೆ ಅನಿರೀಕ್ಷಿತ ಆಘಾತ ತಗುಲಿದಾಗ ಮುಂದಿನ ತಿಂಗಳುಗಳಲ್ಲಿ ಉಳಿದ ಚರಗಳು ಹೇಗೆ ಚಲಿಸುತ್ತವೆ ಎಂಬುದನ್ನು ಇಂಪಲ್ಸ್ ರೆಸ್ಪಾನ್ಸ್ ಫಂಕ್ಷನ್ ತೋರಿಸುತ್ತದೆ. ಆದರೆ ಸಮೀಕರಣಗಳ ಶೇಷಗಳು ಸಾಮಾನ್ಯವಾಗಿ ಒಂದಕ್ಕೊಂದು ಸಹಸಂಬಂಧ ಹೊಂದಿರುತ್ತವೆ. ರೆಪೊ ದರ ಮತ್ತು ಹಣದುಬ್ಬರ ಒಂದೇ ತಿಂಗಳಲ್ಲಿ ನಿರೀಕ್ಷೆ ಮೀರಿ ಏರಿದರೆ, ಯಾವುದು ಯಾವುದಕ್ಕೆ ಕಾರಣ ಎಂಬುದನ್ನು ದತ್ತಾಂಶವೊಂದೇ ಹೇಳಲಾರದು. ಚರಗಳನ್ನು ಒಂದು ಕ್ರಮದಲ್ಲಿ ಜೋಡಿಸಿ, ಮೊದಲಿನದು ನಂತರದ್ದನ್ನು ಅದೇ ತಿಂಗಳಲ್ಲಿ ಪ್ರಭಾವಿಸಬಹುದು, ನಂತರದ್ದು ಮೊದಲಿನದನ್ನು ಪ್ರಭಾವಿಸಲಾರದು ಎಂದು ಊಹಿಸುವುದೇ ಪುನರಾವರ್ತಿತ ಕ್ರಮ. ಇದನ್ನು ಚೊಲೆಸ್ಕಿ ವಿಭಜನೆಯಿಂದ ಸಾಧಿಸಲಾಗುತ್ತದೆ.

== ಉದಾಹರಣೆ ==
ಕೆಳಗಿನ ಸಂಖ್ಯೆಗಳು ಲೆಕ್ಕವನ್ನು ತೋರಿಸಲು ಕಲ್ಪಿಸಿದವು. ಹಣದುಬ್ಬರ π, ರೆಪೊ ದರ i:

```
π(t) = 0.5 π(t-1) - 0.2 i(t-1) + u1
i(t) = 0.1 π(t-1) + 0.8 i(t-1) + u2
var(u1)=1, var(u2)=0.25, cov(u1,u2)=0.3
```

ಹಣದುಬ್ಬರವನ್ನು ಮೊದಲು ಇಟ್ಟರೆ, ನೀತಿ ಆಘಾತವು ರೆಪೊ ದರವನ್ನು √(0.25−0.09) = 0.4ರಷ್ಟು ಏರಿಸುತ್ತದೆ, ಆ ತಿಂಗಳು ಹಣದುಬ್ಬರ ಬದಲಾಗುವುದಿಲ್ಲ. ಮರುತಿಂಗಳು ಅದು 0.08ರಷ್ಟು ಇಳಿಯುತ್ತದೆ. ರೆಪೊ ದರವನ್ನು ಮೊದಲು ಇಟ್ಟರೆ, ಆಘಾತವು ದರವನ್ನು 0.5ರಷ್ಟೂ ಹಣದುಬ್ಬರವನ್ನು ಅದೇ ತಿಂಗಳಲ್ಲಿ 0.3/0.5 = 0.6ರಷ್ಟೂ ಏರಿಸುತ್ತದೆ. ಮರುತಿಂಗಳೂ ಹಣದುಬ್ಬರ 0.5×0.6 − 0.2×0.5 = 0.2ರಷ್ಟು ಹೆಚ್ಚೇ ಇರುತ್ತದೆ. ಸಮೀಕರಣಗಳೂ ಮುನ್ನಂದಾಜುಗಳೂ ಎರಡೂ ಕ್ರಮಗಳಲ್ಲಿ ಒಂದೇ. ಬದಲಾದದ್ದು ಆಘಾತದ ಅರ್ಥ ಮಾತ್ರ. ಎರಡನೆಯ ಕ್ರಮದಲ್ಲಿ, ಬೆಲೆ ಏರಿಕೆಯನ್ನು ಕಂಡು ಬ್ಯಾಂಕು ದರ ಏರಿಸಿದ ಪಾಲೂ 'ನೀತಿ ಆಘಾತ'ದೊಳಗೆ ಸೇರಿಕೊಂಡಿರಬಹುದು. ದರ ಏರಿದಾಗ ಬೆಲೆಯೂ ಏರುವಂತೆ ಕಾಣುವ ಇಂತಹ ಫಲಿತಾಂಶವನ್ನು 'ಬೆಲೆ ಒಗಟು' ಎನ್ನುತ್ತಾರೆ.

== ಕ್ರಮದ ಆಯ್ಕೆ ==
ಕಳಸ, ಮೂಡಿಗೆರೆಗಳ ಕಾಫಿ ಬೆಳೆಗಾರರಿಗೆ ಸಿಗುವ ಬೆಲೆಯನ್ನು ಅಧ್ಯಯನ ಮಾಡುವ ಮಾದರಿಯಲ್ಲಿ ಅಂತರರಾಷ್ಟ್ರೀಯ ಕಾಫಿ ಬೆಲೆ ಮೊದಲು ಬರುವುದು ಸಮಂಜಸ. ಅರೇಬಿಕಾ ಬೆಲೆಗೆ ನ್ಯೂಯಾರ್ಕ್, ರೊಬಸ್ಟಾ ಬೆಲೆಗೆ ಲಂಡನ್ ವಾಯಿದಾ ಮಾರುಕಟ್ಟೆಗಳು ಆಧಾರ. ಭಾರತೀಯ ರಿಸರ್ವ್ ಬ್ಯಾಂಕಿನ ನಿರ್ಧಾರ ಅವುಗಳನ್ನು ಅದೇ ತಿಂಗಳು ಅಲುಗಿಸುವುದು ಅಸಂಭವ. ಅದರ ನಂತರ ಹಣದುಬ್ಬರ, ರೆಪೊ ದರ, ಕೊನೆಗೆ ಡಾಲರ್ ಎದುರು ರೂಪಾಯಿ ವಿನಿಮಯ ದರ ಬರಬಹುದು. ಕೊನೆಯ ಸ್ಥಾನ ಮಾತ್ರ ವಿವಾದಾಸ್ಪದ: ರೂಪಾಯಿ ರೆಪೊ ದರಕ್ಕೆ ತಕ್ಷಣ ಸ್ಪಂದಿಸುತ್ತದೆ, ಆದರೆ ರೂಪಾಯಿಯ ಕುಸಿತವನ್ನು ಕಂಡು ಬ್ಯಾಂಕೂ ಸ್ಪಂದಿಸಬಹುದು.

== ಮಿತಿ ಮತ್ತು ಪರೀಕ್ಷೆ ==
ನಾಲ್ಕು ಚರಗಳಿಗೆ 24 ಕ್ರಮಗಳು ಸಾಧ್ಯ. ಆದರೆ ರೆಪೊ ಆಘಾತದ ಫಲಿತಾಂಶ ಅವಲಂಬಿಸುವುದು ಅದರ ಹಿಂದೆ ಯಾವ ಚರಗಳಿವೆ ಎಂಬುದನ್ನು ಮಾತ್ರ. ಆ ಚರಗಳ ಪರಸ್ಪರ ಕ್ರಮವನ್ನಲ್ಲ. ಶೇಷಗಳ ಸಹಸಂಬಂಧ ಸೊನ್ನೆಗೆ ಹತ್ತಿರವಿದ್ದರೆ ಕ್ರಮ ಹೆಚ್ಚು ವ್ಯತ್ಯಾಸ ಮಾಡುವುದಿಲ್ಲ. ಮೇಲಿನ ಉದಾಹರಣೆಯಲ್ಲಿ ಅದು 0.6 ಇರುವುದರಿಂದಲೇ ಎರಡು ಕ್ರಮಗಳ ಫಲಿತಾಂಶಗಳು ಇಷ್ಟು ಬೇರೆಯಾದವು.