ಹೆನ್ರಿಯ ನಿಯಮ: ಸೋಡಾ ಬಾಟಲಿಯೊಳಗಿನ ಅನಿಲದ ಕಥೆ

ನೀರಿನಲ್ಲಿ ಒಂದು ಅನಿಲ ಎಷ್ಟು ಕರಗುತ್ತದೆ ಎಂಬುದು ನೀರಿನ ಮೇಲೆ ಆ ಅನಿಲವೊಂದೇ ಹೇರುವ ಒತ್ತಡವನ್ನು ಅವಲಂಬಿಸಿದೆ. ಉಷ್ಣತೆ ಬದಲಾಗದಿದ್ದರೆ, ಈ ಒತ್ತಡ ಇಮ್ಮಡಿಯಾದಾಗ ಕರಗಿದ ಅನಿಲವೂ ಇಮ್ಮಡಿಯಾಗುತ್ತದೆ. ಇದೇ ಹೆನ್ರಿಯ ನಿಯಮ. ಅನಿಲಗಳ ಮಿಶ್ರಣದಲ್ಲಿ ಪ್ರತಿಯೊಂದು ಅನಿಲಕ್ಕೂ ಸೇರಿದ ಒತ್ತಡದ ಪಾಲಿಗೆ ಆಂಶಿಕ ಒತ್ತಡ ಎಂದು ಹೆಸರು.

ನಿಯಮಕ್ಕಿಂತ ಮೊದಲು ಹುಟ್ಟಿದ್ದು ಸೋಡಾ. 1767ರಲ್ಲಿ ಇಂಗ್ಲೆಂಡಿನ ಲೀಡ್ಸ್ ನಗರಕ್ಕೆ ಬಂದ ಜೋಸೆಫ್ ಪ್ರೀಸ್ಟ್ಲಿಯ ಮನೆಯ ಪಕ್ಕದಲ್ಲೇ ಬಿಯರ್ ತಯಾರಿಸುವ ಕಟ್ಟಡವಿತ್ತು. ಹುದುಗುವ ತೊಟ್ಟಿಗಳ ಮೇಲೆ ಕವಿದಿರುತ್ತಿದ್ದ ಇಂಗಾಲದ ಡೈಆಕ್ಸೈಡ್ ಅನ್ನು ನೀರಿಗೆ ಸೇರಿಸಿದಾಗ ಹಿತವಾದ ಹುಳಿರುಚಿಯ ಪಾನೀಯ ದೊರೆಯುತ್ತದೆಂದು ಆತ ಕಂಡುಕೊಂಡ. ಅದನ್ನು ತಯಾರಿಸುವ ವಿಧಾನವನ್ನು 1772ರಲ್ಲಿ ಪುಸ್ತಿಕೆಯಾಗಿ ಪ್ರಕಟಿಸಿದ. ಮುಂದೆ ಜಿನೀವಾದ ಜೇಕಬ್ ಶ್ವೆಪ್ ಇದನ್ನು ಉದ್ಯಮವಾಗಿಸಿದ. ಒತ್ತಡ ಹೆಚ್ಚಿಸಿದರೆ ನೊರೆ ಹೆಚ್ಚುತ್ತದೆಂದು ತಯಾರಕರಿಗೆ ತಿಳಿದಿತ್ತು. ಎಷ್ಟಕ್ಕೆ ಎಷ್ಟು ಎಂಬ ಲೆಕ್ಕ ಇರಲಿಲ್ಲ.

ಆ ಲೆಕ್ಕವನ್ನು ಕೊಟ್ಟವನು ಮ್ಯಾಂಚೆಸ್ಟರಿನ ವಿಲಿಯಂ ಹೆನ್ರಿ (1774–1836). ಅವನ ತಂದೆ ಥಾಮಸ್ ಹೆನ್ರಿ ಅನಿಲ ತುಂಬಿದ ನೀರನ್ನು ತಯಾರಿಸಿ ಮಾರುತ್ತಿದ್ದವನು. ಮಗ ನೀರು ಮತ್ತು ಅನಿಲವನ್ನು ಗಾಜಿನ ಪಾತ್ರೆಯಲ್ಲಿಟ್ಟು, ಪಾದರಸದ ಭಾರದಿಂದ ಒತ್ತಡ ಹೆಚ್ಚಿಸಿ, ಚೆನ್ನಾಗಿ ಕುಲುಕಿ, ನೀರು ಹೀರಿಕೊಂಡ ಅನಿಲವನ್ನು ಅಳೆದ. 1803ರಲ್ಲಿ ಪ್ರಕಟವಾದ ಅವನ ಪ್ರಬಂಧದಲ್ಲಿ ಒತ್ತಡಕ್ಕೂ ಕರಗುವಿಕೆಗೂ ನೇರ ಅನುಪಾತವಿದೆ ಎಂಬ ನಿರ್ಣಯವಿದೆ.

ಆದರೆ ಅವನ ಮೊದಲ ಅಳತೆಗಳು ಪೂರ್ತಿ ತಾಳೆಯಾಗಿರಲಿಲ್ಲ. ನೀರಿನ ಮೇಲೆ ಉಳಿಯುವ ಅನಿಲ ಶುದ್ಧವಾಗಿರುವುದಿಲ್ಲ, ಅದರಲ್ಲಿ ಬೇರೆ ಅನಿಲವೂ ಬೆರೆತಿರುತ್ತದೆ. ಲೆಕ್ಕಕ್ಕೆ ಬರಬೇಕಾದದ್ದು ಕರಗುವ ಅನಿಲದ ಪಾಲು ಮಾತ್ರ ಎಂಬ ಸೂಚನೆ ಗೆಳೆಯ ಜಾನ್ ಡಾಲ್ಟನ್‌ನಿಂದ ಬಂತು. ಹೆನ್ರಿ ಇದನ್ನು ಒಪ್ಪಿ, ಅಂಕಿಗಳನ್ನು ತಿದ್ದಿ ಅನುಬಂಧ ಸೇರಿಸಿದ. ನಿಯಮದ ಜೀವ ಇರುವುದು ಈ ತಿದ್ದುಪಡಿಯಲ್ಲೇ. ಹೆಸರು ಹೆನ್ರಿಯದಾದರೂ ಡಾಲ್ಟನ್‌ನನ್ನು ಬಿಟ್ಟು ಅದು ಪೂರ್ಣವಾಗುವುದಿಲ್ಲ.

25 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಇಂಗಾಲದ ಡೈಆಕ್ಸೈಡ್‌ನ ಆಂಶಿಕ ಒತ್ತಡ 1 ವಾಯುಭಾರ ಇದ್ದಾಗ, ಒಂದು ಲೀಟರ್ ನೀರಿನಲ್ಲಿ ಅದು ಸುಮಾರು 1.5 ಗ್ರಾಂ ಕರಗುತ್ತದೆ. ಮುಚ್ಚಿದ ಬಾಟಲಿಯಲ್ಲಿ 4 ವಾಯುಭಾರ ಇದೆ ಎನ್ನೋಣ. ಆಗ ಕರಗಿರುವುದು 6 ಗ್ರಾಂ. ಮುಚ್ಚಳ ತಿರುಗಿಸಿದಾಗ ಬುಸ್ಸೆನ್ನುವುದು ಬಾಟಲಿಯ ಕುತ್ತಿಗೆಯಲ್ಲಿದ್ದ ಅನಿಲ. ಕರಗಿದ್ದು ಇನ್ನೂ ನೀರಿನಲ್ಲೇ ಇದೆ, ಆದರೆ ಅದನ್ನು ಹಿಡಿದಿಟ್ಟಿದ್ದ ಒತ್ತಡ ಹೋಗಿದೆ. ಗಾಜಿನ ಗೀರು, ದೂಳಿನ ಕಣ, ಬಟ್ಟೆಯ ಎಳೆಗಳಲ್ಲಿ ಸಿಕ್ಕಿಕೊಂಡ ಪುಟ್ಟ ಗಾಳಿಪೊಟ್ಟಣಗಳ ಬಳಿ ಗುಳ್ಳೆಗಳು ಹುಟ್ಟಿ ಮೇಲೇಳುತ್ತವೆ. ಕರಗಿರುವುದು 1.5 ಗ್ರಾಂ ಸುಮಾರಿಗೆ ಇಳಿದಾಗ ಗುಳ್ಳೆ ನಿಲ್ಲುತ್ತದೆ, ಅನಿಲ ಹೊರಹೋಗುವುದು ನಿಲ್ಲುವುದಿಲ್ಲ. ಹೊರಗಿನ ಗಾಳಿಯಲ್ಲಿ ಈ ಅನಿಲದ ಪಾಲು ಶೇಕಡಾ 0.04ರಷ್ಟು ಮಾತ್ರ. ಆದ್ದರಿಂದ ಅದು ನೀರಿನ ಮೇಲ್ಮೈಯಿಂದ ಸದ್ದಿಲ್ಲದೆ ಸೋರುತ್ತಲೇ ಇದ್ದು, ಕೊನೆಗೆ ಲೀಟರಿಗೆ ಒಂದು ಮಿಲಿಗ್ರಾಂಗೂ ಕಡಿಮೆ ಉಳಿಯುತ್ತದೆ.

ತಣ್ಣೀರು ಹೆಚ್ಚು ಅನಿಲವನ್ನು ಹಿಡಿಯುತ್ತದೆ. 0 ಡಿಗ್ರಿಯಲ್ಲಿ ಈ ಪ್ರಮಾಣ 25 ಡಿಗ್ರಿಯಲ್ಲಿರುವುದರ ಇಮ್ಮಡಿಗಿಂತ ಹೆಚ್ಚು. ಬಿಸಿಲಿನಲ್ಲಿಟ್ಟ ಬಾಟಲಿ ತೆರೆದಾಗ ಉಕ್ಕುವುದು ಇದರಿಂದಲೇ. ಅಮೋನಿಯದಂತೆ ನೀರಿನೊಡನೆ ಗಾಢವಾಗಿ ಬೆರೆತು ವರ್ತಿಸುವ ಅನಿಲಗಳಿಗೂ, ಅತಿ ಹೆಚ್ಚಿನ ಒತ್ತಡಕ್ಕೂ ಈ ಸರಳ ಅನುಪಾತ ಹೊಂದುವುದಿಲ್ಲ.

ಕರ್ನಾಟಕದ ಗೋಲಿ ಸೋಡಾ ಬಾಟಲಿಯ ಮೂಲ ಇಂಗ್ಲೆಂಡಿನ ಹೈರಮ್ ಕಾಡ್ 1872ರಲ್ಲಿ ಹಕ್ಕುಪತ್ರ ಪಡೆದ ವಿನ್ಯಾಸ. ಅದರಲ್ಲಿ ಬೇರೆ ಮುಚ್ಚಳವಿಲ್ಲ. ಒಳಗಿನ ಅನಿಲದ ಒತ್ತಡವೇ ಗೋಲಿಯನ್ನು ರಬ್ಬರ್ ಉಂಗುರಕ್ಕೆ ಒತ್ತಿ ಹಿಡಿಯುತ್ತದೆ. ಬೆರಳಿನಿಂದ ಗೋಲಿಯನ್ನು ಒಳಕ್ಕೆ ತಳ್ಳಿದರೆ ಮೇಲೆ ಹೇಳಿದ್ದೆಲ್ಲ ಕಣ್ಣೆದುರೇ ನಡೆಯುತ್ತದೆ.

ಅರ್ಧ ಕುಡಿದು ಮುಚ್ಚಿಟ್ಟ ಬಾಟಲಿ ಸಪ್ಪೆಯಾಗುವುದಕ್ಕೂ ಲೆಕ್ಕವಿದೆ. ಬಗ್ಗಿಸುವಾಗ ಏನೂ ಸೋರಲಿಲ್ಲ ಎಂದುಕೊಂಡರೂ, ಮೇಲೆ ಹೇಳಿದ ಬಾಟಲಿಯಲ್ಲಿ ಅರ್ಧ ಲೀಟರ್ ಉಳಿಸಿದರೆ ಅದರಲ್ಲಿ 3 ಗ್ರಾಂ ಅನಿಲ ಇರುತ್ತದೆ. ಅದರ ಅರ್ಧಕ್ಕಿಂತ ಹೆಚ್ಚು ಪಾಲು ಮೇಲಿನ ಖಾಲಿ ಜಾಗವನ್ನು ತುಂಬಲು ಹೋಗುತ್ತದೆ, ಒತ್ತಡ 1.8 ವಾಯುಭಾರಕ್ಕೆ ಇಳಿದು, ಪಾನೀಯದಲ್ಲಿ ಸುಮಾರು 1.4 ಗ್ರಾಂ ನಿಲ್ಲುತ್ತದೆ. ಪಂಪಿನಿಂದ ಗಾಳಿ ತುಂಬಿ ಒತ್ತಡ ಏರಿಸಿದರೆ ಗುಳ್ಳೆ ಏಳುವುದು ತಗ್ಗಿ, ಉಪಾಯ ಫಲಿಸಿದಂತೆ ಕಾಣುತ್ತದೆ. ಆದರೆ ತುಂಬಿದ್ದು ಸಾರಜನಕ, ಆಮ್ಲಜನಕಗಳ ಒತ್ತಡ. ಕೊನೆಗೆ ಉಳಿಯುವುದು ಅದೇ 1.4 ಗ್ರಾಂ. ಉಳಿದ ಸೋಡಾವನ್ನು ಅದರ ಅಳತೆಗೇ ಸರಿಹೊಂದುವ ಸಣ್ಣ ಬಾಟಲಿಗೆ ನಿಧಾನವಾಗಿ ಬಗ್ಗಿಸಿ, ಬಿಗಿಯಾಗಿ ಮುಚ್ಚಿ, ತಂಪಿನಲ್ಲಿಡಿ.