₹499ರ ಗೆರೆ: ಫ್ರೀ ಡೆಲಿವರಿಯ ಮಿತಿ ಕಾರ್ಟನ್ನು ಎಷ್ಟು ಹಿಗ್ಗಿಸುತ್ತದೆ, ಅಂಗಡಿಗೆ ಎಷ್ಟು ಉಳಿಸುತ್ತದೆ?

2002ರ ಜನವರಿಯಲ್ಲಿ ಅಮೆಜಾನ್ ಅಮೆರಿಕದ ಗ್ರಾಹಕರ ಮುಂದೆ ಒಂದು ಗೆರೆ ಎಳೆಯಿತು: ಆರ್ಡರ್ 99 ಡಾಲರ್ ದಾಟಿದರೆ ಸಾಗಣೆ ಪುಕ್ಕಟೆ. ಜೂನ್‌ನಲ್ಲಿ ಆ ಗೆರೆ 49ಕ್ಕೆ ಇಳಿಯಿತು, ಆಗಸ್ಟ್‌ನಲ್ಲಿ 25ಕ್ಕೆ. ಹನ್ನೊಂದು ವರ್ಷ ಅಲ್ಲೇ ನಿಂತು 2013ರಲ್ಲಿ 35ಕ್ಕೆ, 2016ರಲ್ಲಿ 49ಕ್ಕೆ ಏರಿತು. 2017ರಲ್ಲಿ ಎರಡು ಹೆಜ್ಜೆಯಲ್ಲಿ ಇಳಿದು 25ಕ್ಕೇ ಮರಳಿತು. ಲೆಕ್ಕದವರ ದಂಡನ್ನೇ ಸಾಕಿಕೊಂಡ ಕಂಪನಿಯೂ ಬರೆದು ಅಳಿಸಿ, ಮತ್ತೆ ಬರೆಯಬೇಕಾಯಿತು.

ಆ ಮೊದಲ ಗೆರೆಯಲ್ಲಿ ಇನ್ನೊಂದು ಜಾಣತನವೂ ಇತ್ತು. ಪುಕ್ಕಟೆ ಬರುವ ಪಾರ್ಸೆಲ್ ನಿಧಾನವಾಗಿ ಬರುತ್ತಿತ್ತು. ಅವಸರವಿದ್ದವರು ಮೊದಲಿನಂತೆ ದುಡ್ಡು ಕೊಟ್ಟು ಬೇಗ ತರಿಸಿಕೊಂಡರು, ಕಾಯಬಲ್ಲವರು ಕಾರ್ಟ್ ತುಂಬಿಸಿಕೊಂಡು ಕಾದರು. ಇಂದು ನಮ್ಮ ಸಣ್ಣ ಆನ್‌ಲೈನ್ ಅಂಗಡಿಗಳು ಅನುಕರಿಸುವಾಗ ಬಿಟ್ಟುಬಿಡುವುದು ಇದನ್ನೇ. ₹499 ಅನ್ನುವ ಸಂಖ್ಯೆಯನ್ನು ನಕಲು ಮಾಡುತ್ತಾರೆ, ಅದರ ಹಿಂದಿನ ಲೆಕ್ಕವನ್ನಲ್ಲ.

ಸಂಶೋಧಕರು ಈ ಗೆರೆಯನ್ನು ಗಂಭೀರವಾಗಿ ನೋಡಲು ಶುರುಮಾಡಿದ್ದು ಅಮೆಜಾನ್ ಅದನ್ನು ಎಳೆದ ನಾಲ್ಕೈದು ವರ್ಷಗಳಲ್ಲಿ. ಮೈಕಲ್ ಲೂಯಿಸ್, ವಿಶಾಲ್ ಸಿಂಗ್ ಮತ್ತು ಸ್ಕಾಟ್ ಫೇ 2006ರಲ್ಲಿ ಮಾರ್ಕೆಟಿಂಗ್ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನಕ್ಕೆ ಆಧಾರ, ಬೇಗ ಕೆಡದ ದಿನಸಿ ಮತ್ತು ಔಷಧಿ ಅಂಗಡಿಯ ಸಾಮಾನು ಮಾರುವ ಒಂದು ಆನ್‌ಲೈನ್ ಅಂಗಡಿಯ ದಾಖಲೆಗಳು. ಆ ಅಂಗಡಿ ಡೆಲಿವರಿ ಚಾರ್ಜನ್ನು ಆಗಾಗ ಬದಲಿಸುತ್ತಿದ್ದದ್ದು ಅವರಿಗೆ ವರವಾಯಿತು. ಎಲ್ಲ ಆರ್ಡರ್‌ಗೂ ಸಾಗಣೆ ಪುಕ್ಕಟೆಯಾದಾಗ ಆರ್ಡರ್‌ಗಳು ಹೆಚ್ಚಾದವು, ಆದರೆ ಒಂದೊಂದೂ ಚಿಕ್ಕದಾಯಿತು. ದೊಡ್ಡ ಆರ್ಡರ್‌ಗೆ ಮಾತ್ರ ರಿಯಾಯಿತಿ ಕೊಟ್ಟಾಗ ಕಾರ್ಟ್ ದೊಡ್ಡದಾಯಿತು. ಮನೆಗೆ ಬೇಕಾದ ಸಾಮಾನು ಇಷ್ಟೇ ಇರುತ್ತದೆ. ಅದನ್ನು ಒಂದೇ ಗಂಟಿನಲ್ಲಿ ತರುವುದೋ ನಾಲ್ಕು ಪೊಟ್ಟಣದಲ್ಲಿ ತರುವುದೋ ಎಂಬುದನ್ನು ಚಾರ್ಜು ನಿರ್ಧರಿಸುತ್ತಿತ್ತು.

ಮರುವರ್ಷ ಅದೇ ಪತ್ರಿಕೆಯಲ್ಲಿ ಶಾಂಪಾನಿಯೆರ್, ಮಜಾರ್ ಮತ್ತು ಡ್ಯಾನ್ ಏರಿಯಲಿ ಸೊನ್ನೆ ಬೆಲೆಯ ವಿಚಿತ್ರ ಸೆಳೆತದ ಬಗ್ಗೆ ಬರೆದರು. ಏರಿಯಲಿ ತಮ್ಮ 2008ರ ಪುಸ್ತಕದಲ್ಲಿ ಹೇಳುವ ಪ್ರಸಂಗ ಹೀಗಿದೆ: ಬೇರೆ ದೇಶಗಳಲ್ಲಿ ಅಮೆಜಾನ್ ಸಾಗಣೆಯನ್ನು ಪುಕ್ಕಟೆ ಮಾಡಿದಾಗ ಮಾರಾಟ ಏರಿತು, ಫ್ರಾನ್ಸ್‌ನಲ್ಲಿ ಮಾತ್ರ ಏರಲಿಲ್ಲ. ಅಲ್ಲಿ ಪುಕ್ಕಟೆಯ ಬದಲು ಒಂದು ಫ್ರಾಂಕ್ ಇಟ್ಟಿದ್ದರು. ಒಂದು ಫ್ರಾಂಕ್ ಎಂದರೆ ಚಿಲ್ಲರೆ ಕಾಸು. ಆದರೂ ಅದು ಸೊನ್ನೆಯಲ್ಲ.

ಇಲ್ಲಿಯವರೆಗಿನ ಪ್ರಶ್ನೆ, ಗೆರೆ ಕೆಲಸ ಮಾಡುತ್ತದೆಯೇ ಎಂಬುದು. ಎಷ್ಟು ಕೆಲಸ ಮಾಡುತ್ತದೆ ಎಂದು ಅಳೆಯುವ ಉಪಾಯ ಬಂದದ್ದು ಆದಾಯ ತೆರಿಗೆಯ ಕಡೆಯಿಂದ. ತೆರಿಗೆಯ ದರ ಬದಲಾಗುವ ಮೊತ್ತದ ಆಸುಪಾಸಿನಲ್ಲಿ ಜನರ ಆದಾಯ ಗುಂಪುಗೂಡುತ್ತದೆಯೇ ಎಂದು ಎಮ್ಯಾನುಯೆಲ್ ಸೇಜ್ 2010ರಲ್ಲಿ ಪರೀಕ್ಷಿಸಿದರು. 2013ರಲ್ಲಿ ಕ್ಲೆವೆನ್ ಮತ್ತು ವಸೀಮ್ ಪಾಕಿಸ್ತಾನದ ತೆರಿಗೆ ದಾಖಲೆಗಳಲ್ಲಿ ಇನ್ನೂ ಚೂಪಾದ ಗೆರೆಗಳನ್ನು ನೋಡಿದರು. ಅಲ್ಲಿ ಒಂದು ರೂಪಾಯಿ ಹೆಚ್ಚು ದುಡಿದರೆ ತೆರಿಗೆ ದಿಢೀರನೆ ಏರುತ್ತಿತ್ತು, ಹಾಗಾಗಿ ಗೆರೆಯ ಒಂದು ಬದಿಗೆ ದಿಬ್ಬ, ಇನ್ನೊಂದು ಬದಿಗೆ ತಗ್ಗು. ಫ್ರೀ ಡೆಲಿವರಿಯ ಗೆರೆ ಇದರ ಕನ್ನಡಿ ಬಿಂಬ: ತಗ್ಗು ಕೆಳಗೆ, ದಿಬ್ಬ ಮೇಲೆ.

ಲೆಕ್ಕಕ್ಕೆಂದು ಒಂದು ಅಂಗಡಿಯನ್ನು ಕಟ್ಟಿಕೊಳ್ಳೋಣ. ಫಿಲ್ಟರ್ ಕಾಫಿಪುಡಿ ಮಾರುವ ಸಣ್ಣ ಆನ್‌ಲೈನ್ ಅಂಗಡಿ. ಮಾರಾಟದಲ್ಲಿ ಮಾರ್ಜಿನ್ ನೂರಕ್ಕೆ 40. ಒಂದು ಪಾರ್ಸೆಲ್ ಕಳಿಸಲು ಕೊರಿಯರ್‌ಗೆ ₹70. ₹499ಕ್ಕಿಂತ ಕಡಿಮೆ ಆರ್ಡರ್‌ಗೆ ಗ್ರಾಹಕರಿಂದ ₹60 ಚಾರ್ಜ್, ಮೇಲಿನದಕ್ಕೆ ಇಲ್ಲ. ಮೊದಲ ಕೆಲಸ, ಆರ್ಡರ್‌ಗಳನ್ನು ಐವತ್ತು ರೂಪಾಯಿಯ ಗೂಡುಗಳಲ್ಲಿ ಎಣಿಸುವುದು.

```sql
SELECT FLOOR((subtotal - 499) / 50.0) * 50 + 499 AS bin,
       COUNT(*) AS orders
FROM orders
WHERE status <> 'cancelled'
GROUP BY 1 ORDER BY 1;
```

ಇಲ್ಲಿ 499 ಅನ್ನು ಕಳೆದು ಕೂಡಿಸಿರುವುದು ಸುಮ್ಮನೆ ಅಲ್ಲ. ಗೂಡು 450ರಿಂದ 499ರವರೆಗೆ ಇದ್ದರೆ ಗೆರೆ ದಾಟಿದವರೂ ದಾಟದವರೂ ಒಂದೇ ಡಬ್ಬಿಯಲ್ಲಿ ಕಲೆತು ದಿಬ್ಬವೇ ಕರಗಿಹೋಗುತ್ತದೆ. subtotal ಕೂಡ, ಅಂಗಡಿಯ ನಿಯಮ ನೋಡುವ ಮೊತ್ತವೇ ಆಗಿರಬೇಕು. ಕೂಪನ್ ಕಳೆದ ಮೇಲಿನ ಮೊತ್ತಕ್ಕೆ ನಿಯಮ ಅನ್ವಯಿಸಿ, ಕೂಪನ್‌ಗೆ ಮುಂಚಿನ ಮೊತ್ತವನ್ನು ಎಣಿಸಿದರೆ ಚಿತ್ರ ಮಸುಕಾಗುತ್ತದೆ.

ನಮ್ಮ ಅಂಗಡಿಯಲ್ಲಿ 449–498ರ ಗೂಡಿನಲ್ಲಿ 30 ಆರ್ಡರ್, 499–548ರಲ್ಲಿ 190 ಸಿಕ್ಕವು ಅನ್ನೋಣ. ಗೆರೆಯಿಂದ ದೂರದ ಗೂಡುಗಳನ್ನು ಸೇರಿಸಿ ನಯವಾದ ರೇಖೆ ಎಳೆದರೆ ಇಲ್ಲಿ ಕ್ರಮವಾಗಿ 100 ಮತ್ತು 92 ಇರಬೇಕಿತ್ತು. ಕೆಳಗೆ 70ರ ತಗ್ಗು, ಮೇಲೆ 98ರ ದಿಬ್ಬ. ಉಳಿದ 28 ಎಲ್ಲಿಂದ ಬಂದವು? ಇನ್ನೂ ಕೆಳಗಿನ ಗೂಡುಗಳಿಂದ ಹತ್ತಿ ಬಂದಿರಬಹುದು, ಪುಕ್ಕಟೆ ಇಲ್ಲದಿದ್ದರೆ ಕೆಲವರು ಕೊಳ್ಳುತ್ತಲೇ ಇರಲಿಲ್ಲವೇನೋ, ಅಥವಾ ₹1,100ರ ಆರ್ಡರನ್ನು ಯಾರೋ ಎರಡಾಗಿ ಒಡೆದಿರಬಹುದು. ಒಡೆದವರನ್ನು ಹಿಡಿಯಲು, ಒಬ್ಬರೇ ಗ್ರಾಹಕರು ವಾರದೊಳಗೆ ಎರಡು ಸಲ ಗೆರೆಯ ಸ್ವಲ್ಪ ಮೇಲೆ ಕೊಂಡಿದ್ದಾರೆಯೇ ಎಂದು ನೋಡಿದರೆ ಸಾಕು.

ದಿಬ್ಬ ಕಂಡ ತಕ್ಷಣ ಹಿಗ್ಗುವಂತಿಲ್ಲ. ಅಂಗಡಿಯಲ್ಲಿ ₹499 ಬೆಲೆಯದೇ ಒಂದು ಪ್ಯಾಕ್ ಇದ್ದರೆ, ಗೆರೆ ಇಲ್ಲದಿದ್ದರೂ ಅಲ್ಲೊಂದು ದಿಬ್ಬ ಏಳುತ್ತದೆ. ಇದಕ್ಕೆ ಪರೀಕ್ಷೆ ಒಂದೇ: ಹಿಂದೆ ಗೆರೆ ಬೇರೆ ಕಡೆ ಇದ್ದ ತಿಂಗಳುಗಳನ್ನು ತೆಗೆದು ನೋಡುವುದು. ಗೆರೆಯ ಜೊತೆ ದಿಬ್ಬವೂ ಸರಿದಿದ್ದರೆ ಅದು ಗೆರೆಯ ಮಗು. ಕದಲದೆ ಕೂತಿದ್ದರೆ ಪ್ಯಾಕ್‌ನದು.

ಇಷ್ಟು ಮಾಡಿದವರಲ್ಲಿ ಹೆಚ್ಚಿನವರು ಇಲ್ಲೇ ನಿಂತು, ಕಾರ್ಟ್ ದೊಡ್ಡದಾಯಿತು ಎಂದು ಸಂಭ್ರಮಿಸುತ್ತಾರೆ. ನನಗೆ ತಕರಾರಿರುವುದು ಇಲ್ಲಿ. ₹450 ಇದ್ದವರು ಒಂದು ಸಣ್ಣ ಪ್ಯಾಕೆಟ್ ಸೇರಿಸಿ ₹520 ಮಾಡಿಕೊಂಡರು. ಹೆಚ್ಚಿನ ₹70ರಲ್ಲಿ ಅಂಗಡಿಗೆ ದಕ್ಕಿದ್ದು ₹28. ಕೈಬಿಟ್ಟದ್ದು ₹60ರ ಚಾರ್ಜ್. ಅಂದರೆ ದಿಬ್ಬದ ಮೇಲೆ ನಿಂತ ಈ ಗ್ರಾಹಕರಿಂದ ಅಂಗಡಿಗೆ ₹32 ಕಡಿಮೆಯೇ ಬಂತು. ₹60 ಅನ್ನು 0.4ರಿಂದ ಭಾಗಿಸಿದರೆ ₹150 ಬರುತ್ತದೆ; ಅಷ್ಟಾದರೂ ಸಾಮಾನು ಸೇರಿಸದವರು ಲೆಕ್ಕದಲ್ಲಿ ನಷ್ಟ. ಇನ್ನು ಹೇಗೂ ₹800 ಕೊಳ್ಳುತ್ತಿದ್ದವರಿಗೆ ₹60ರ ಉಡುಗೊರೆ.

ಹಾಗಾದರೆ ಗೆರೆ ಯಾಕೆ ಬೇಕು? ಚಾರ್ಜ್ ನೋಡಿ ಕಾರ್ಟನ್ನು ಅಲ್ಲೇ ಬಿಟ್ಟು ಹೋಗುತ್ತಿದ್ದವರಿಗಾಗಿ. ಅಂಥವರು ₹520 ಕೊಂಡರೆ ₹208 ಮಾರ್ಜಿನ್, ಕೊರಿಯರ್ ಕಳೆದು ₹138 ಹೊಸದಾಗಿ ಬಂದಂತೆ. ಇಡೀ ಲೆಕ್ಕ ನಿಂತಿರುವುದು ಇವರು ಎಷ್ಟು ಜನ ಎಂಬುದರ ಮೇಲೆ. ಆದರೆ ಬಿಟ್ಟು ಹೋದವರು ಆರ್ಡರ್ ಪಟ್ಟಿಯಲ್ಲಿ ಹೆಸರು ಬರೆಸಿ ಹೋಗುವುದಿಲ್ಲ. ಎಷ್ಟು ಹೊತ್ತು ಪಟ್ಟಿ ನೋಡಿದರೂ ಅವರು ಸಿಗುವುದಿಲ್ಲ. ದಿಬ್ಬ–ತಗ್ಗುಗಳು ಯಾವ ಮೊತ್ತವನ್ನು ಪರೀಕ್ಷಿಸಬಹುದು ಎಂದು ಸೂಚಿಸಬಲ್ಲವು, ತೀರ್ಪು ಕೊಡಲಾರವು.

ಅದಕ್ಕೇ ಬೇಕಾಗುವುದು ಪ್ರಯೋಗ. ಅಂಗಡಿಗೆ ಬಂದವರನ್ನೆಲ್ಲ ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ₹499, ಇನ್ನೊಂದಕ್ಕೆ ₹699 ತೋರಿಸುವುದು. ಎರಡು ಎಚ್ಚರ ಮುಖ್ಯ. ಹಂಚಿಕೆ ನಡೆಯಬೇಕಾದ್ದು ಬಂದವರ ಮಟ್ಟದಲ್ಲಿ, ಆರ್ಡರ್ ಮಟ್ಟದಲ್ಲಿ ಅಲ್ಲ. ಒಬ್ಬರಿಗೇ ಫೋನಿನಲ್ಲಿ ಒಂದು ಗೆರೆ, ಕಂಪ್ಯೂಟರಿನಲ್ಲಿ ಇನ್ನೊಂದು ಕಂಡರೆ ಪ್ರಯೋಗವೂ ಕೆಡುತ್ತದೆ, ಗ್ರಾಹಕರೂ ಮುನಿಯುತ್ತಾರೆ. ಲಾಗಿನ್ ಇದ್ದರೆ ಅದರ ಮೇಲೆ ಹಂಚಬಹುದು, ಇಲ್ಲವೇ ಪಿನ್‌ಕೋಡ್ ಪ್ರಕಾರ. 2023ರಲ್ಲಿ ಅಮೆಜಾನ್ ಪ್ರೈಮ್ ಸದಸ್ಯರಲ್ಲದವರಿಗೆ 35 ಡಾಲರ್ ಗೆರೆಯನ್ನು ಅಮೆರಿಕದ ಕೆಲವೇ ಪ್ರದೇಶಗಳಲ್ಲಿ ಪರೀಕ್ಷಿಸಿತು. ಎರಡನೆಯದು, ಅಳೆಯಬೇಕಾದ್ದು ಸರಾಸರಿ ಆರ್ಡರ್ ಮೊತ್ತವನ್ನಲ್ಲ, ಅಂಗಡಿಗೆ ಕಾಲಿಟ್ಟ ಪ್ರತಿಯೊಬ್ಬರಿಂದ ಸರಾಸರಿ ಉಳಿದ ಹಣವನ್ನು. ಕೊಳ್ಳದೆ ಹೋದವರೂ ಸೊನ್ನೆಯಾಗಿ ಎಣಿಕೆಗೆ ಸೇರಬೇಕು.

ಪ್ರತಿ ಗುಂಪಿಗೆ 10,000 ಜನ ಬಂದರು ಅನ್ನೋಣ. ₹499ರ ಗುಂಪಿನಲ್ಲಿ 300 ಆರ್ಡರ್, ಸರಾಸರಿ ₹620, ಚಾರ್ಜ್ ಕೊಟ್ಟವರು 100. ಮಾರ್ಜಿನ್ ₹74,400, ಚಾರ್ಜ್ ₹6,000 ಕೂಡಿಸಿ, ಕೊರಿಯರ್ ₹21,000 ಕಳೆದರೆ ₹59,400. ತಲೆಗೆ ₹5.94. ₹699ರ ಗುಂಪಿನಲ್ಲಿ 270 ಆರ್ಡರ್, ಸರಾಸರಿ ₹690, ಚಾರ್ಜ್ ಕೊಟ್ಟವರು 150. ಮಾರ್ಜಿನ್ ₹74,520, ಚಾರ್ಜ್ ₹9,000, ಕೊರಿಯರ್ ₹18,900; ಉಳಿದದ್ದು ₹64,620, ತಲೆಗೆ ₹6.46.

ಸರಾಸರಿ ಆರ್ಡರ್ ನೂರಕ್ಕೆ 11 ಏರಿದ್ದು ಕಣ್ಣಿಗೆ ಕುಕ್ಕುತ್ತದೆ. ಆದರೆ ಒಟ್ಟು ಮಾರಾಟ ಹೆಚ್ಚುಕಡಿಮೆ ಅಷ್ಟೇ ಇದೆ ನೋಡಿ. ಚಿಕ್ಕ ಆರ್ಡರ್‌ಗಳು ಉದುರಿಹೋದರೂ ಸರಾಸರಿ ಏರುತ್ತದೆ. ತರಗತಿಯಲ್ಲಿ ಕುಳ್ಳ ಹುಡುಗರು ಗೈರುಹಾಜರಾದ ದಿನ ಉಳಿದವರ ಸರಾಸರಿ ಎತ್ತರ ಏರಿದ ಹಾಗೆ. ಅಂಗಡಿಗೆ ಉಳಿತಾಯ ಕಂಡದ್ದು ಹೆಚ್ಚಾಗಿ ಚಾರ್ಜಿನಿಂದ ಮತ್ತು ಕಡಿಮೆ ಪಾರ್ಸೆಲ್‌ನಿಂದ.

ಆ 52 ಪೈಸೆಯ ಅಂತರವನ್ನಾದರೂ ನಂಬಬಹುದೇ? ನೂರರಲ್ಲಿ 97 ಜನ ಸೊನ್ನೆ, ಮೂವರು ಇನ್ನೂರು ಚಿಲ್ಲರೆ ರೂಪಾಯಿ ಉಳಿಸುವ ಅಂಗಡಿಯಲ್ಲಿ ಈ ಸರಾಸರಿ ತುಂಬ ಜಿಗಿದಾಡುತ್ತದೆ. ತಲಾ ಉಳಿಕೆಯ ವಿಚಲನೆ ಸುಮಾರು ₹45 ಆಗಬಹುದು. 10,000 ಜನರ ಎರಡು ಗುಂಪುಗಳ ನಡುವೆ ಬರೀ ಅದೃಷ್ಟದಿಂದಲೇ 60 ಪೈಸೆಯಷ್ಟು ವ್ಯತ್ಯಾಸ ಬರುವುದು ಸಹಜ. ಹಾಗಾಗಿ 52 ಪೈಸೆ ಏನನ್ನೂ ಸಾಬೀತು ಮಾಡುವುದಿಲ್ಲ. ಎಷ್ಟು ಜನ ಬೇಕು ಎನ್ನಲು ಒಂದು ಕೈಲೆಕ್ಕ ಇದೆ:

```
n = 16 × σ² ÷ δ²
```

σ ಜಾಗದಲ್ಲಿ 45, δ ಜಾಗದಲ್ಲಿ 0.52 ಇಟ್ಟರೆ ಪ್ರತಿ ಗುಂಪಿಗೆ ಸುಮಾರು 1,20,000 ಜನ. ತಿಂಗಳಿಗೆ 20,000 ಜನ ಬರುವ ಅಂಗಡಿಗೆ ಇದು ಒಂದು ವರ್ಷದ ಪ್ರಯೋಗ. ಅಷ್ಟರಲ್ಲಿ ಕೊರಿಯರ್ ದರವೂ ಬದಲಾಗಿರುತ್ತದೆ, ಕಾಫಿಯ ಬೆಲೆಯೂ. ಹತ್ತು ದಿನ ಓಡಿಸಿ ಗೆದ್ದ ಗೆರೆಯನ್ನು ಆರಿಸುವವರು ನಾಣ್ಯ ಚಿಮ್ಮಿದವರಿಗಿಂತ ಹೆಚ್ಚೇನೂ ತಿಳಿದಿರುವುದಿಲ್ಲ.

ಸಣ್ಣ ಅಂಗಡಿಗೆ ದಾರಿ ಎಂದರೆ ಗೆರೆಗಳನ್ನು ದೂರ ಇಡುವುದು. ₹499ಕ್ಕೂ ₹549ಕ್ಕೂ ಇರುವ ವ್ಯತ್ಯಾಸವನ್ನು ಹುಡುಕುವುದು ವ್ಯರ್ಥ. ₹399 ಮತ್ತು ₹999ರ ನಡುವಿನ ಅಂತರ ₹1.04 ಆಗಿದ್ದರೆ, ಬೇಕಾಗುವ ಜನ ನಾಲ್ಕನೇ ಒಂದು ಭಾಗಕ್ಕೆ, ಅಂದರೆ ಗುಂಪಿಗೆ 30,000ಕ್ಕೆ ಇಳಿಯುತ್ತಾರೆ. ಮೂರು ತಿಂಗಳ ಕೆಲಸ. ಆ ಮೂರು ತಿಂಗಳು ಬೇಕೇ ಬೇಕು, ಏಕೆಂದರೆ ಗೆರೆ ಎತ್ತರವಾದಾಗ ಜನ ಪುಡಿ ಮುಗಿಯುವವರೆಗೆ ಕಾದು ಒಟ್ಟಿಗೆ ಕೊಳ್ಳುತ್ತಾರೆ. ಮೊದಲ ವಾರಗಳಲ್ಲಿ ಕಳೆದುಹೋದಂತೆ ಕಂಡವರು ಮುಂದಿನ ತಿಂಗಳು ಮರಳಬಹುದು. ಗೆರೆ ದಾಟಲೆಂದೇ ಸೇರಿಸಿದ ಸ್ಟೀಲ್ ಫಿಲ್ಟರ್ ವಾಪಸ್ ಬರಲೂಬಹುದು. ವಾಪಸ್ ಕಳಿಸುವ ಅವಧಿ ಮುಗಿದ ಮೇಲೆ, ವಾಪಸಾದ ಮಾಲಿನ ಮಾರ್ಜಿನ್ನನ್ನೂ ತಿರುಗಿ ಬಂದ ಪಾರ್ಸೆಲ್ಲಿನ ಖರ್ಚನ್ನೂ ಕಳೆದು ಆ ತಲಾ ಉಳಿಕೆಯನ್ನು ಮತ್ತೊಮ್ಮೆ ಬರೆಯಬೇಕು.