ಮೊದಲ ಸೈಕೋಸಿಸ್: ಸ್ಥಳೀಯ ಚಿಕಿತ್ಸಾ ಮಾರ್ಗಸೂಚಿಗೆ ತಜ್ಞರ ಒಮ್ಮತ

ಇಲ್ಲದ ದನಿ ಕೇಳಿಸುವುದು, ಆಧಾರವಿಲ್ಲದ ಸಂಶಯ ಗಟ್ಟಿಯಾಗುವುದು ಸೈಕೋಸಿಸ್‌ನ ಲಕ್ಷಣಗಳು. ಇದು ಮೊದಲ ಸಲ ಕಾಣಿಸಿಕೊಂಡಾಗ ಏನು ಮಾಡಬೇಕೆಂಬ ಮಾರ್ಗಸೂಚಿಗಳು ಬಹುಪಾಲು ಶ್ರೀಮಂತ ದೇಶಗಳವು. ಸೌಕರ್ಯ ಕಡಿಮೆಯಿರುವ ಕಡೆ ಅವನ್ನು ಹೊಂದಿಸಿಕೊಳ್ಳಲು ಬಳಸುವ ಒಂದು ದಾರಿ ಡೆಲ್ಫಿ ವಿಧಾನ. ಅಮೆರಿಕದ ರ‍್ಯಾಂಡ್ ಸಂಸ್ಥೆಯಲ್ಲಿ 1950ರ ದಶಕದಲ್ಲಿ ರೂಪುಗೊಂಡ ಈ ಕ್ರಮದಲ್ಲಿ ತಜ್ಞರು ಒಂದೆಡೆ ಕೂರುವುದಿಲ್ಲ. ಪ್ರತಿ ಹೇಳಿಕೆಗೂ ಹೆಸರು ತೋರಿಸದೆ, ಸುತ್ತು ಸುತ್ತಾಗಿ ಅಂಕ ಕೊಡುತ್ತಾರೆ. ಹಿರಿಯರ ಮಾತಿಗೆ ಕಿರಿಯರು ತಲೆಯಾಡಿಸುವುದು ಹೀಗೆ ತಪ್ಪುತ್ತದೆ.

ಒಂದು ಕಲ್ಪಿತ ಉದಾಹರಣೆ: ‘ಎಲ್ಲರಿಗೂ ಮೊದಲು ಮಿದುಳಿನ ಸ್ಕ್ಯಾನ್ ಆಗಬೇಕು’ ಎಂಬ ಹೇಳಿಕೆಗೆ 20 ಜನರಲ್ಲಿ 11 ಮಂದಿ, ಅಂದರೆ ಶೇ 55ರಷ್ಟು, ಒಪ್ಪುತ್ತಾರೆ. ಒಮ್ಮತಕ್ಕೆ ಗಡಿ ಶೇ 75. ಸ್ಕ್ಯಾನ್ ಯಂತ್ರವೇ ಇಲ್ಲದ ತಾಲ್ಲೂಕಿನ ವೈದ್ಯರ ಟಿಪ್ಪಣಿ ನೋಡಿ ಹೇಳಿಕೆಯನ್ನು ತಿದ್ದಲಾಗುತ್ತದೆ: ಜ್ವರ, ಫಿಟ್ಸ್, ಪ್ರಜ್ಞೆ ಮಂಕಾಗುವುದು, ಕೈಕಾಲಿನ ಬಲಹೀನತೆ ಇದ್ದರೆ ತಕ್ಷಣ ದೊಡ್ಡ ಆಸ್ಪತ್ರೆಗೆ, ಉಳಿದವರಿಗೆ ಸ್ಕ್ಯಾನ್‌ಗಾಗಿ ಔಷಧಿ ತಡಮಾಡಬಾರದು. ಎರಡನೇ ಸುತ್ತಿನಲ್ಲಿ 17 ಮಂದಿ ಒಪ್ಪಿದರೆ ಅದು ಮಾರ್ಗಸೂಚಿಗೆ ಸೇರುತ್ತದೆ.

ಮೋಸ ಹೋಗುವುದೂ ಇಲ್ಲೇ. ಹೇಳಿಕೆ ತಿದ್ದದೆ, ಒಪ್ಪದವರಲ್ಲಿ ಆರು ಜನ ಬೇಸತ್ತು ಎರಡನೇ ಸುತ್ತಿಗೆ ಉತ್ತರಿಸದಿದ್ದರೆ 14ರಲ್ಲಿ 11, ಶೇ 79! ಯಾರೂ ಮನಸ್ಸು ಬದಲಿಸದೆಯೇ ‘ಒಮ್ಮತ’. ಬಿಟ್ಟುಹೋದವರ ಮೊದಲ ಸುತ್ತಿನ ಅಂಕಗಳನ್ನು ತೆಗೆದು ನೋಡಿದರೆ ಇದು ಬಯಲಾಗುತ್ತದೆ. ತಜ್ಞರ ಪಟ್ಟಿಯಲ್ಲಿ ನಗರದ ಮನೋವೈದ್ಯರೇ ತುಂಬಿದ್ದು, ನರ್ಸ್‌ಗಳು, ಆರೈಕೆ ಮಾಡುವ ಮನೆಯವರು, ಚೇತರಿಸಿಕೊಂಡವರು ಇಲ್ಲದಿದ್ದರೆ ಆ ಕೊರತೆ ಯಾವ ಶೇಕಡಾವಾರಿನಲ್ಲೂ ಕಾಣದು.